ನಟರಾಜ ಒಬ್ಬನೇ, ಶಾಲೆಗಳು ನೂರಾರು
ನೃತ್ಯಶಾಲೆ ತೆರೆದವರು ಮೊದಲು ಮಾಡಿಸುವುದು ನಟರಾಜನ ಲಾಂಛನವನ್ನು. ಪಕ್ಕದ ಬೀದಿಯ ಶಾಲೆಯದ್ದೂ ಅದೇ! ಬ್ಯಾನರಿನಲ್ಲಿ ಚೆಂದ ಕಾಣುವ ಆ ಚಿತ್ರ ವಾಟ್ಸ್ಆ್ಯಪ್‌ನ ಪುಟ್ಟ ವೃತ್ತಕ್ಕೆ ಇಳಿದರೆ ಬರೀ ಮಸಿ ಚೆಲ್ಲಿದ ಕಲೆ.

ಹೆಸರಘಟ್ಟದ ನೃತ್ಯಗ್ರಾಮದ ದಾರಿ ಬೇರೆ. 1990ರಲ್ಲಿ ಈ ಒಡಿಸ್ಸಿ ಗುರುಕುಲ ಕಟ್ಟಿದ ಪ್ರೊತಿಮಾ ಬೇಡಿ ಅದಕ್ಕೆ ತಮ್ಮ ಹೆಸರಿಡಲಿಲ್ಲ. ಕಲ್ಲು-ಮಣ್ಣಿನ ಕಟ್ಟಡಗಳು, ಅಲ್ಲೇ ವಾಸವಿದ್ದು ಕಲಿಯುವ ಪದ್ಧತಿ, ರಾತ್ರಿಯಿಡೀ ನಡೆಯುತ್ತಿದ್ದ ವಸಂತಹಬ್ಬ ಇವೇ ಗುರುತಾದವು. ಕಲಿಯಬಂದವರಿಗೆ ಅಲ್ಲಿ ಶಿಸ್ತು ಕಂಡಿತು, ಕಲಾಪೋಷಕರಿಗೆ ಹಣ ಎಲ್ಲಿಗೆ ಹೋಗುತ್ತದೆಂಬುದು ಕಂಡಿತು. 1998ರಲ್ಲಿ ಅವರು ತೀರಿಕೊಂಡರೂ ಸಂಸ್ಥೆ ಮುಂದುವರಿಯಿತು.

ಸಣ್ಣ ಶಾಲೆಯ ಮುಖವೆಂದರೆ ಅದರ ಆಮಂತ್ರಣ ಪತ್ರಿಕೆ. ಮಕ್ಕಳ ತಂದೆತಾಯಿ ಹುಡುಕುವ ಗುರುವಿನ ಹೆಸರು, ಬಾನಿ ಮೇಲಿರಬೇಕು. ಪ್ರಾಯೋಜಕರ ಲಾಂಛನಗಳು ಕೆಳಗೆ, ಒಂದೇ ಸಾಲಿನಲ್ಲಿ, ಶಾಲೆಯದ್ದಕ್ಕಿಂತ ಚಿಕ್ಕದಾಗಿ. ಇದು ತಿರುಗುಮುರುಗಾದರೆ ರಂಗಪ್ರವೇಶದ ಪತ್ರಿಕೆ ಆಭರಣದಂಗಡಿಯ ಜಾಹೀರಾತಿನಂತೆ ಕಾಣುತ್ತದೆ. ಟ್ರಸ್ಟಿನ ನೋಂದಣಿ, ತೆರಿಗೆ ವಿನಾಯಿತಿ, ಕಳೆದ ವರ್ಷದ ಲೆಕ್ಕ ದಾನಿಗಳಿಗೆ ಕೊಡುವ ಪ್ರತ್ಯೇಕ ಪತ್ರಕ್ಕೆ ಸೇರಿದವು.

ಲಾಂಛನ ಒಪ್ಪುವ ಮುನ್ನ ಅದನ್ನು ಹೆಬ್ಬೆರಳ ಉಗುರಿನಷ್ಟಕ್ಕೆ ಇಳಿಸಿ, ಕಪ್ಪು-ಬಿಳುಪಿನಲ್ಲಿ ಮುದ್ರಿಸಿ ನೋಡಿ.