ಬೀರೂರು ಬರುವ ಮೊದಲೇ ತೀರ್ಮಾನಿಸಿ

ಶೃಂಗೇರಿಗೆ ರೈಲಿಲ್ಲ. ಹುಬ್ಬಳ್ಳಿಯಿಂದ ವಯಸ್ಸಾದ ತಂದೆತಾಯಿಯನ್ನು ಕರೆದುಕೊಂಡು ಹೋಗುವವರಿಗೆ ದಿನವಿಡೀ ಬಸ್ಸಿನಲ್ಲಿ ಕೂರಿಸುವುದು ಬೇಡವೆನಿಸುತ್ತದೆ. ಆಗ ದಾರಿ ಮೂರು ತುಂಡಾಗುತ್ತದೆ: ಬೆಂಗಳೂರು ಕಡೆಯ ರೈಲಿನಲ್ಲಿ ಬೀರೂರು ಜಂಕ್ಷನ್, ಅಲ್ಲಿ ಇಳಿದು ಶಿವಮೊಗ್ಗದ ರೈಲು, ಶಿವಮೊಗ್ಗದಿಂದ ತೀರ್ಥಹಳ್ಳಿ ಮೇಲೆ ಶೃಂಗೇರಿ ಬಸ್ಸು. ಎಲ್ಲವೂ ವೇಳೆಗೆ ಸರಿಯಾಗಿ ನಡೆದರೆ ಸುಖವಾದ ಪ್ರಯಾಣ. ಮೊದಲ ರೈಲು ತಡವಾದರೆ ಏನು ಮಾಡಬೇಕೆಂಬುದನ್ನು ಮಾತ್ರ ಮನೆಯಲ್ಲೇ ಕೂತು ಯೋಚಿಸಿಡಬೇಕು.

ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಹಾಕಿ. ಇಲ್ಲಿನ ವೇಳೆಗಳು ಉದಾಹರಣೆಗಷ್ಟೇ; ನಿಮ್ಮ ದಿನದ ವೇಳಾಪಟ್ಟಿ ನೋಡಿಯೇ ಹೊರಡಿ. ಶಿವಮೊಗ್ಗದಿಂದ ನಿಮಗೆ ಅನುಕೂಲವಾದ ಕೊನೆಯ ಬಸ್ಸು ಸಂಜೆ 5ಕ್ಕೆ ಎಂದುಕೊಳ್ಳೋಣ. ರೈಲು ನಿಲ್ದಾಣದಿಂದ ಆಟೋ ಹಿಡಿದು ಬಸ್ ನಿಲ್ದಾಣ ಸೇರಿ, ಊಟ ಮುಗಿಸಿ, ಸೀಟು ಹಿಡಿಯಲು ಒಂದು ಗಂಟೆ ಬೇಕು. ಹಾಗಾದರೆ ಶಿವಮೊಗ್ಗದಲ್ಲಿ 4ರೊಳಗೆ ಇಳಿಯಬೇಕು. ಹುಬ್ಬಳ್ಳಿಯಿಂದ ಬೆಳಿಗ್ಗೆ 7ಕ್ಕೆ ಹೊರಟ ರೈಲು 11.15ಕ್ಕೆ ಬೀರೂರು ಮುಟ್ಟಿ, ಶಿವಮೊಗ್ಗದ ರೈಲು 12.30ಕ್ಕೆ ಹೊರಡುವುದಾದರೆ ನಡುವೆ ಒಂದೂಕಾಲು ಗಂಟೆ ಬಿಡುವಿದೆ.

ಈ ಬಿಡುವು ಸಾಕೇ ಎಂದು ತಿಳಿಯಲು ರೈಲಿನ ಓಡಾಟ ತೋರಿಸುವ ಆ್ಯಪ್‌ನಲ್ಲಿ ಹಿಂದಿನ ಒಂದು ವಾರದ ದಾಖಲೆ ನೋಡಿ. ನೋಡಬೇಕಾದದ್ದು ಆ ರೈಲು ಬೀರೂರಿಗೆ ಎಷ್ಟು ಹೊತ್ತಿಗೆ ಬಂತು ಎಂಬುದನ್ನು, ಬೆಂಗಳೂರಿಗೆ ಎಷ್ಟು ಹೊತ್ತಿಗೆ ಬಂತು ಎಂಬುದನ್ನಲ್ಲ. ವೇಳಾಪಟ್ಟಿಯಲ್ಲಿ ಕೊನೆಯ ನಿಲ್ದಾಣಕ್ಕೆ ಮುಂಚೆ ಸಾಮಾನ್ಯವಾಗಿ ಹೆಚ್ಚುವರಿ ನಿಮಿಷಗಳನ್ನು ಇಟ್ಟಿರುತ್ತಾರೆ. ದಾರಿಯಲ್ಲಿ ಮುಕ್ಕಾಲು ಗಂಟೆ ತಡವಾದ ರೈಲು ಕೊನೆಗೆ ವೇಳೆಗೆ ಸರಿಯಾಗಿ ಸೇರಿದಂತೆ ಕಾಣುವುದು ಇದರಿಂದಲೇ. ಸರಾಸರಿಯನ್ನೂ ನಂಬಬೇಡಿ. ವಾರದಲ್ಲಿ ಅತಿ ಹೆಚ್ಚು ತಡವಾದ ದಿನ ಎಷ್ಟಾಗಿತ್ತೋ ಅದಕ್ಕಿಂತ ನಿಮ್ಮ ಬಿಡುವು ದೊಡ್ಡದಿರಬೇಕು.

ಇಷ್ಟಾದರೂ ಒಂದು ದಿನ ರೈಲು ಕೈಕೊಡಬಹುದು. ಹೆಚ್ಚಿನವರು ಬೀರೂರಿನಲ್ಲಿ ಇಳಿದು, ಶಿವಮೊಗ್ಗದ ರೈಲು ಹೋಗಿಯಾಯಿತು ಎಂದು ತಿಳಿದ ಮೇಲೆ ಯೋಚಿಸಲು ಶುರುಮಾಡುತ್ತಾರೆ. ಅಷ್ಟರಲ್ಲಿ ಒಳ್ಳೆಯ ದಾರಿಗಳಲ್ಲಿ ಎರಡು ಮುಚ್ಚಿಹೋಗಿರುತ್ತವೆ. ಒಂದು ದಾವಣಗೆರೆ. ಬೀರೂರಿಗಿಂತ ಮೊದಲೇ ಸಿಗುವ ಈ ಊರಿನಿಂದ ಶಿವಮೊಗ್ಗಕ್ಕೆ ನೇರ ಬಸ್ಸುಗಳಿವೆ. ಇನ್ನೊಂದು ಕಡೂರು. ಬೀರೂರಿನಲ್ಲಿ ಇಳಿಯದೆ ಅದೇ ರೈಲಿನಲ್ಲಿ ಕೂತಿದ್ದರೆ ಅಲ್ಲೇ ಮುಂದೆ ಕಡೂರು. ಅಲ್ಲಿಂದ ಚಿಕ್ಕಮಗಳೂರು ಸುಮಾರು 40 ಕಿ.ಮೀ. ಚಿಕ್ಕಮಗಳೂರಿನಿಂದ ಶೃಂಗೇರಿಗೆ ಬಸ್ಸು.

ಆದ್ದರಿಂದ ತೀರ್ಮಾನದ ಜಾಗ ದಾವಣಗೆರೆ. ಅಲ್ಲಿಗೆ ರೈಲು ಅರ್ಧ ಗಂಟೆಯೊಳಗೆ ತಡವಾಗಿದ್ದರೆ ಮೊದಲಿನ ಯೋಜನೆಯಂತೆ ಬೀರೂರಿಗೆ ಹೋಗಿ. ಒಂದು ಗಂಟೆ ದಾಟಿದ್ದರೆ ಒಂದೂಕಾಲು ಗಂಟೆಯ ಬಿಡುವಿನಲ್ಲಿ ಉಳಿಯುವುದು ಹದಿನೈದು ನಿಮಿಷಕ್ಕಿಂತ ಕಡಿಮೆ. ಮುಂದೆ ಎಲ್ಲಾದರೂ ಕ್ರಾಸಿಂಗ್‌ಗೆ ನಿಲ್ಲಿಸಿದರೆ ಅದೂ ಹೋಯಿತು. ಆಗ ಶಿವಮೊಗ್ಗದ ರೈಲಿನ ಆಸೆ ಬಿಟ್ಟು ಕಡೂರಿನವರೆಗೆ ಕೂತುಬಿಡಿ. ಒಂದೂವರೆ ಗಂಟೆ ತಡವಾದರೂ ಮಧ್ಯಾಹ್ನ 1ರ ಹೊತ್ತಿಗೆ ಕಡೂರು, 2.30ಕ್ಕೆ ಚಿಕ್ಕಮಗಳೂರು, ಸಂಜೆ 6ರ ಸುಮಾರಿಗೆ ಶೃಂಗೇರಿ. ದಾವಣಗೆರೆಯಲ್ಲಿ ಇಳಿದು ಬಸ್ಸು ಹಿಡಿದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತಾಗುತ್ತದೆ. ಹಿರಿಯರು ಇನ್ನಷ್ಟು ದೂರ ರೈಲಿನಲ್ಲೇ ಕೂತು ಬರಬಹುದು ಎಂಬುದಕ್ಕಾಗಿ ಕಡೂರು ಮೇಲು. ರೈಲು ಮುಂದಕ್ಕೆ ಹೋಗುವ ಸೂಚನೆಯೇ ಇಲ್ಲದಿದ್ದರೆ ದಾವಣಗೆರೆಯಲ್ಲೇ ಇಳಿಯಿರಿ.

ಇದಕ್ಕೆ ಮುನ್ನವೇ ಮಾಡಬೇಕಾದ ಕೆಲಸವೊಂದಿದೆ: ಟಿಕೆಟನ್ನು ಬೀರೂರಿಗಲ್ಲ, ಕಡೂರಿಗೆ ತೆಗೆದುಕೊಳ್ಳಿ. ದರದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಕಡೂರಿನ ಟಿಕೆಟ್ ಇಟ್ಟುಕೊಂಡು ಬೀರೂರಿನಲ್ಲೋ ದಾವಣಗೆರೆಯಲ್ಲೋ ಇಳಿದರೆ ಯಾರೂ ಕೇಳುವುದಿಲ್ಲ. ಬೀರೂರಿನ ಟಿಕೆಟ್‌ನಲ್ಲಿ ಕಡೂರಿಗೆ ಹೋಗಬೇಕೆಂದರೆ ಬೀರೂರು ದಾಟುವ ಮೊದಲೇ ಟಿಟಿಇಯನ್ನು ಹುಡುಕಿ ಟಿಕೆಟ್ ವಿಸ್ತರಿಸಿಕೊಳ್ಳಬೇಕು.

ಹಣದ ವಿಷಯವನ್ನೂ ತಿಳಿದಿರಿ. ಎರಡು ರೈಲುಗಳಿಗೂ ಕಾಯ್ದಿರಿಸಿದ ಟಿಕೆಟ್ ಇದ್ದರೆ ಎರಡರ ಪಿಎನ್‌ಆರ್‌ಗಳನ್ನು ಜೋಡಿಸುವ ಸೌಲಭ್ಯ 2019ರಿಂದ ಇದೆ. ಎರಡೂ ಟಿಕೆಟ್‌ಗಳಲ್ಲಿ ಪ್ರಯಾಣಿಕರ ವಿವರ ಒಂದೇ ಆಗಿರಬೇಕು. ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದರೆ, ನಿಯಮದಂತೆ ಅರ್ಜಿ ಹಾಕಿ ಪ್ರಯಾಣಿಸದ ಭಾಗದ ಹಣ ವಾಪಸ್ ಪಡೆಯಬಹುದು. ಸಿಗುವುದು ಹಣ ಮಾತ್ರ, ಮುಂದಿನ ರೈಲಿನಲ್ಲಿ ಸೀಟಲ್ಲ. ಬಸ್ ಟಿಕೆಟ್‌ಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ರೈಲು ತಡವಾಗಿ ಬಸ್ಸು ತಪ್ಪಿದರೆ ಆ ದುಡ್ಡು ಹೋದಂತೆಯೇ. ಹಾಗಾಗಿ ರೈಲಿಳಿದು ಹತ್ತುವ ಬಸ್ಸಿಗೆ ಮುಂಗಡ ಟಿಕೆಟ್ ಬೇಡ. ಹತ್ತಿದ ಮೇಲೆ ಕಂಡಕ್ಟರ್ ಬಳಿ ಟಿಕೆಟ್ ಪಡೆಯುವ ಸಾಮಾನ್ಯ ಬಸ್ಸೇ ಒಳ್ಳೆಯದು.

ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿರುವವರ ಕೈಗೂ ಕೊಡಿ: ದಾವಣಗೆರೆಯಲ್ಲಿ ಗಡಿಯಾರ ನೋಡುವುದು. ಅರ್ಧ ಗಂಟೆಯೊಳಗೆ ತಡವಾದರೆ ಬೀರೂರು, ಗಂಟೆ ದಾಟಿದರೆ ಕಡೂರು, ನಡುವೆ ಇದ್ದರೆ ಬೀರೂರಿಗೆ ಮುಂಚಿನ ಅಜ್ಜಂಪುರದಲ್ಲಿ ಇನ್ನೊಮ್ಮೆ ನೋಡುವುದು. ಸಂಜೆ 5ರೊಳಗೆ ಶೃಂಗೇರಿ ಬಸ್ಸು ಸಿಗದಿದ್ದರೆ ಚಿಕ್ಕಮಗಳೂರು ಅಥವಾ ಶಿವಮೊಗ್ಗದಲ್ಲಿ ಉಳಿದು ಬೆಳಗಿನ ಬಸ್ಸಿಗೆ ಹೋಗುವುದು. ಎರಡೂ ಊರುಗಳಲ್ಲಿ ಬಸ್ ನಿಲ್ದಾಣಕ್ಕೆ ಹತ್ತಿರದ ಒಂದೊಂದು ವಸತಿಗೃಹದ ಫೋನ್ ನಂಬರನ್ನೂ ಅದೇ ಚೀಟಿಯಲ್ಲಿ ಬರೆದಿಡಿ.