ಹನ್ನೆರಡನೇ ಸ್ಲೈಡ್ ಯಾರದು?

"ಹನ್ನೆರಡು ನಿಮ್ದಲ್ವಾ ಮೇಡಂ?"

"ಅಯ್ಯೋ, ಸಮಸಂಖ್ಯೆ ಎಲ್ಲಾ ನಿಮ್ದು ಅಂತ ತಾನೇ ಮಾತಾಗಿದ್ದು?"

ಪುಣ್ಯಕ್ಕೆ ಇದು ನಡೆದದ್ದು ನಮ್ಮದೇ ಆಫೀಸಿನಲ್ಲಿ, ರಿಹರ್ಸಲ್ ದಿನ. ಪೀಣ್ಯದ ಒಂದು ಕಾರ್ಖಾನೆಗೆ ಗೋದಾಮಿನ ಲೆಕ್ಕ ಇಡುವ ಸಾಫ್ಟ್‌ವೇರ್ ತೋರಿಸಬೇಕಿತ್ತು. ಮೇಡಂ ಸೇಲ್ಸ್‌ನವರು, ನಾನು ತಾಂತ್ರಿಕ ವಿಭಾಗದವನು. ಬೆಸಸಂಖ್ಯೆ ಅವರಿಗೆ, ಸಮಸಂಖ್ಯೆ ನನಗೆ ಎಂದು ಹಂಚಿಕೊಂಡಿದ್ದೆವು. ಹಿಂದಿನ ರಾತ್ರಿ ನಾನು ನಡುವಿನ ಒಂದು ಸ್ಲೈಡ್ ತೆಗೆದೆ. ಅವರ ಹದಿಮೂರು ಹನ್ನೆರಡಾಯಿತು, ಅಲ್ಲಿಂದಾಚೆ ಎಲ್ಲವೂ ಅದಲುಬದಲು. ಅಂದಿನಿಂದ ಸ್ಲೈಡುಗಳನ್ನು ನಂಬರಿನಿಂದ ಕರೆಯುವುದನ್ನೇ ಬಿಟ್ಟೆವು. 'ಸ್ಟಾಕ್ ಎಣಿಕೆ', 'ಖರ್ಚು' ಎಂದು ಹೆಸರಿಟ್ಟರೆ ಎಲ್ಲಿಗೆ ಸರಿದರೂ ಒಡೆಯರು ಬದಲಾಗುವುದಿಲ್ಲ.

ಕ್ಲೈಂಟ್ ಕೊಟ್ಟಿದ್ದು ಅರ್ಧ ಗಂಟೆ. ಪ್ರಶ್ನೆಗಳಿಗೆ 10 ನಿಮಿಷ ತೆಗೆದಿಟ್ಟರೆ ಮಾತಿಗೆ 20. ಮೊಬೈಲಿನಲ್ಲಿ ಟೈಮರ್ ಇಟ್ಟುಕೊಂಡು ಹೇಳಿದರೆ 18 ಸ್ಲೈಡಿಗೆ 31 ನಿಮಿಷ ಹಿಡಿಯಿತು! ಒಬ್ಬರಿಂದೊಬ್ಬರಿಗೆ ಮಾತು ದಾಟಿದ್ದು 17 ಸಲ. ಪ್ರತಿ ಸಲ ಹತ್ತು ಸೆಕೆಂಡ್ ಹೋದರೂ ಸುಮಾರು ಮೂರು ನಿಮಿಷ ಅಲ್ಲೇ ಕರಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇತ್ತು: ಮೇಡಂ ಹೇಳಿ ಮುಗಿಸಿದ್ದನ್ನೇ ನಾನು ಇನ್ನೊಮ್ಮೆ ವಿವರಿಸುತ್ತಿದ್ದೆ. ನನಗೆ ಅದರ ಅರಿವೇ ಇರಲಿಲ್ಲ. ರೆಕಾರ್ಡಿಂಗ್ ಕೇಳಿದಾಗ ನಾಚಿಕೆಯಾಯಿತು.

ಮತ್ತೆ ಕೂತು, ಯಾವ ಪ್ರಶ್ನೆ ಬಂದರೆ ಯಾರು ಉತ್ತರಿಸಬಲ್ಲರು ಎಂದು ನೋಡಿ ಹಂಚಿದೆವು. ಕಾರ್ಖಾನೆಯ ತೊಂದರೆ ಏನು ಎಂಬ ಮೊದಲ ನಾಲ್ಕು ಮೇಡಂಗೆ, ಸಾಫ್ಟ್‌ವೇರ್ ಹೇಗೆ ನಡೆಯುತ್ತದೆ ಎಂಬ ಆರು ನನಗೆ, ಖರ್ಚು ಮತ್ತು ಗಡುವಿನ ಕೊನೆಯ ಮೂರು ಮತ್ತೆ ಅವರಿಗೆ. ಉಳಿದ ಐದನ್ನು ಕೇಳಿದರೆ ಮಾತ್ರ ತೆರೆಯೋಣ ಎಂದು ಕೊನೆಗೆ ತಳ್ಳಿದೆವು. ಈಗ ಮಾತು ದಾಟುವುದು ಎರಡೇ ಕಡೆ. ಆ ಎರಡು ವಾಕ್ಯಗಳನ್ನು ಮಾತ್ರ ಅಕ್ಷರಶಃ ಬಾಯಿಪಾಠ ಮಾಡಿದೆವು. ಮಿಕ್ಕಿದ್ದನ್ನು ಬಾಯಿಪಾಠ ಮಾಡಿದರೆ ಗಿಳಿಪಾಠವಾಗುತ್ತದೆ.

ಎರಡನೇ ರಿಹರ್ಸಲ್‌ಗೆ ಸಮಯ ಹೊಂದಿಸುವುದೇ ಕಷ್ಟವಾಯಿತು. ನನಗೆ ಸಂಜೆ ಬಿಡುವು, ಅವರಿಗೆ ಮಗುವನ್ನು ಶಾಲೆಗೆ ಬಿಟ್ಟ ಮೇಲೆ ಬೆಳಗ್ಗೆ. ಹಿಂದಿನ ದಿನ ರಾತ್ರಿ ಫೋನಿನಲ್ಲಿ ಮಾಡೋಣವೇ ಎಂದೆ. "ತಪ್ಪು ಸಿಕ್ಕರೆ ತಿದ್ದೋದು ಯಾವಾಗ?" ಎಂದರು. ಕೊನೆಗೆ ಎರಡು ದಿನ ಮುಂಚೆ, ಬೆಳಗ್ಗೆ ಒಂಬತ್ತೂವರೆಗೆ, ಮುಕ್ಕಾಲು ಗಂಟೆ ಎಂದು ಗಟ್ಟಿಯಾಯಿತು. ನಿಂತುಕೊಂಡೇ, ಕ್ಲೈಂಟ್ ಹತ್ತಿರ ಒಯ್ಯುವ ಲ್ಯಾಪ್‌ಟಾಪಿನಲ್ಲೇ ಮಾಡಿದೆವು. ಮಾತು ಬದಲಾದಾಗ ರಿಮೋಟ್ ನನ್ನ ಕೈಯಲ್ಲೇ ಉಳಿದು, ಮೇಡಂ ಸ್ಲೈಡಿಗಾಗಿ ಕಾಯುತ್ತಿದ್ದದ್ದು ಆಗಲೇ ಕಂಡಿತು. ಒಟ್ಟು 19 ನಿಮಿಷ. ಅಲ್ಲಿಗೆ ಫೈಲ್ ಮುಟ್ಟಬಾರದು ಎಂದು ಒಪ್ಪಂದವಾಯಿತು. ಸಮಯ ಕಡಿಮೆ ಬಿದ್ದರೆ ನನ್ನ ಆರರಲ್ಲಿ ಯಾವ ಎರಡನ್ನು ಬಿಡಬೇಕು ಎಂದೂ ಗುರುತು ಹಾಕಿಕೊಂಡೆವು.

ಪೀಣ್ಯದಲ್ಲಿ ಸಾಹೇಬರು ಕೋಣೆಗೆ ಬಂದದ್ದೇ ಹತ್ತು ನಿಮಿಷ ತಡವಾಗಿ. ಮೇಡಂ ನನ್ನತ್ತ ಎರಡು ಬೆರಳು ತೋರಿಸಿ ಮಾತು ಶುರು ಮಾಡಿದರು.