ಸರಕು ತಿಳಿಸದೆ ಹೆಸರು ಕೇಳುವುದು: ಉದ್ಯಮದ ನಾಮಕರಣಕ್ಕೆ ಮುನ್ನ ಬರೆದಿಡಬೇಕಾದ ವಿವರಗಳು

ಹೊಸ ವ್ಯಾಪಾರವನ್ನು ಆರಂಭಿಸುವವರು ಲೆಕ್ಕಪರಿಶೋಧಕರಿಗೂ ಮುದ್ರಕರಿಗೂ ಬಂಧುಮಿತ್ರರಿಗೂ ಮೊದಲು ಕೇಳುವುದು ಒಂದು ಹೆಸರನ್ನು. “ಹತ್ತು ಒಳ್ಳೆಯ ಹೆಸರು ಸೂಚಿಸಿ, ‘ಶ್ರೀ’ಯಿಂದ ಆರಂಭವಾದರೆ ಉತ್ತಮ” ಎಂಬಷ್ಟೇ ಬೇಡಿಕೆ ಬರುವುದು ಸಾಮಾನ್ಯ. ಮಾರುವ ಸರಕು ಯಾವುದು, ಕೊಳ್ಳುವವರು ಯಾರು ಎಂಬ ವಿವರ ಅದರಲ್ಲಿ ಇರುವುದಿಲ್ಲ. ಹೆಸರು ಇಷ್ಟವಾದ ಮೇಲೆ ಆ ವಿವರಗಳನ್ನು ನೋಡಿಕೊಂಡರಾಯಿತು ಎಂಬ ಭಾವನೆ ಇದರ ಹಿಂದಿದೆ. ಆದರೆ ನಮ್ಮ ಕಾನೂನಿನಲ್ಲಿ ಹೆಸರು ಒಳ್ಳೆಯದೋ ಅಲ್ಲವೋ, ಅದು ದೊರೆಯುವುದೋ ಇಲ್ಲವೋ ಎಂಬ ಪ್ರಶ್ನೆಗಳಿಗೆ ಸರಕು ಮತ್ತು ಗ್ರಾಹಕರನ್ನು ಬಿಟ್ಟು ಉತ್ತರವೇ ಇಲ್ಲ.

ಸರಕಿಗೆ ತಕ್ಕಂತೆ ಬದಲಾಗುವ ಗುಣ

1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ 9ನೇ ಕಲಮಿನ ಪ್ರಕಾರ ಸರಕಿನ ಬಗೆ, ಗುಣಮಟ್ಟ, ಉಪಯೋಗ, ಪ್ರಮಾಣ ಅಥವಾ ಮೂಲಸ್ಥಳವನ್ನು ನೇರವಾಗಿ ಹೇಳುವ ಪದವನ್ನು ಒಬ್ಬ ವ್ಯಾಪಾರಿಯ ಸ್ವತ್ತಾಗಿ ನೋಂದಾಯಿಸಲು ಸಾಮಾನ್ಯವಾಗಿ ಬರುವುದಿಲ್ಲ. ಅದೇ ವ್ಯಾಪಾರದಲ್ಲಿರುವ ಇತರರಿಗೂ ಆ ಪದದ ಅಗತ್ಯವಿರುವುದೇ ಇದಕ್ಕೆ ಕಾರಣ. ದೀರ್ಘ ಬಳಕೆಯಿಂದ ಆ ಪದವು ಒಬ್ಬ ವ್ಯಾಪಾರಿಯದೇ ಎಂದು ಜನರು ಗುರುತಿಸುವಂತಾಗಿದ್ದರೆ ಮಾತ್ರ ವಿನಾಯಿತಿ ದೊರೆಯುತ್ತದೆ. ಹೊಸ ಉದ್ಯಮಕ್ಕೆ ಅದು ಒದಗುವಂಥದಲ್ಲ.

‘ಮಲ್ಲಿಗೆ’ ಎಂಬ ಪದವನ್ನು ತೆಗೆದುಕೊಳ್ಳೋಣ. ಊದುಬತ್ತಿಯ ಮೇಲೆ ಅದು ಪರಿಮಳದ ವರ್ಣನೆಯಾಗುತ್ತದೆ; ಎಲ್ಲ ಊದುಬತ್ತಿ ತಯಾರಕರೂ ಅದನ್ನು ಬಳಸುವವರೇ. ಅದೇ ಪದವನ್ನು ನೀರೆತ್ತುವ ಪಂಪ್‌ಸೆಟ್ಟಿಗೆ ಇಟ್ಟರೆ ಸರಕಿಗೂ ಪದಕ್ಕೂ ಯಾವ ಸಂಬಂಧವೂ ಇಲ್ಲದ ಕಾರಣ ಅದು ಗುರುತಿನ ಹೆಸರಾಗಬಲ್ಲದು. ಪದ ಒಂದೇ ಆದರೂ ಸರಕು ಬದಲಾದೊಡನೆ ಅದರ ಯೋಗ್ಯತೆ ಬದಲಾಯಿತು. ಆದ್ದರಿಂದಲೇ ಸರಕನ್ನು ತಿಳಿಯದೆ ಸಲಹೆ ನೀಡುವವರು ಯಾವುದಕ್ಕೂ ಹೊಂದುವ ಸಪ್ಪೆ ಹೆಸರುಗಳತ್ತ ಸರಿಯುತ್ತಾರೆ. ‘ಗ್ಲೋಬಲ್ ಎಂಟರ್‌ಪ್ರೈಸಸ್’, ‘ಶ್ರೀ ಟ್ರೇಡರ್ಸ್’ ಮುಂತಾದವು ಹುಟ್ಟುವುದು ಹೀಗೆ. ಇಂಥ ಹೆಸರು ಫಲಕದ ಮೇಲೆ ಕುಳಿತರೂ ಗ್ರಾಹಕನ ನೆನಪಿನಲ್ಲಿ ಕೂರುವುದಿಲ್ಲ, ನಕಲು ಮಾಡಿದವನನ್ನು ತಡೆಯಲು ಮಾಲೀಕನಿಗೆ ಬಲವನ್ನೂ ಕೊಡುವುದಿಲ್ಲ.

‘ಹೆಸರು ಖಾಲಿ ಇದೆಯೇ?’

ಸರಕು ಮತ್ತು ಸೇವೆಗಳನ್ನು ಅಂತಾರಾಷ್ಟ್ರೀಯ ಪದ್ಧತಿಯಂತೆ 45 ವರ್ಗಗಳಾಗಿ ವಿಂಗಡಿಸಲಾಗಿದೆ. 1ರಿಂದ 34ರವರೆಗಿನವು ಸರಕುಗಳಿಗೆ, 35ರಿಂದ 45ರವರೆಗಿನವು ಸೇವೆಗಳಿಗೆ ಮೀಸಲು. ಟ್ರೇಡ್ ಮಾರ್ಕ್ ನೋಂದಣಿಯ ಅರ್ಜಿಯಲ್ಲಿ ವರ್ಗವನ್ನೂ ಸರಕಿನ ವಿವರವನ್ನೂ ಬರೆಯಬೇಕು. ನೋಂದಣಿ ಇಲಾಖೆಯ ದಾಖಲೆಗಳಲ್ಲಿ ಹುಡುಕುವುದೂ ವರ್ಗದ ಆಧಾರದ ಮೇಲೆಯೇ. ಆದುದರಿಂದ “ಈ ಹೆಸರು ಖಾಲಿ ಇದೆಯೇ?” ಎಂಬ ಪ್ರಶ್ನೆಯನ್ನು “ಈ ಸರಕಿಗೆ ಈ ಹೆಸರು ಖಾಲಿ ಇದೆಯೇ?” ಎಂದು ತಿದ್ದಿಕೊಳ್ಳಬೇಕು.

ಇದಕ್ಕೆ ಕರ್ನಾಟಕದ್ದೇ ಆದ ಒಂದು ನಿದರ್ಶನವಿದೆ. ಕರ್ನಾಟಕ ಹಾಲು ಮಹಾಮಂಡಳಿಯು ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ‘ನಂದಿನಿ’ ಹೆಸರನ್ನು 1985ರಿಂದ ಬಳಸುತ್ತಿದೆ. ಬೆಂಗಳೂರಿನ ನಂದಿನಿ ಡೀಲಕ್ಸ್ ಸಂಸ್ಥೆಯು, ಇಂಗ್ಲಿಷಿನಲ್ಲಿ ತುಸು ಬೇರೆ ಕಾಗುಣಿತದೊಡನೆ, ಅದೇ ಹೆಸರನ್ನು 1989ರಿಂದ ತನ್ನ ಉಪಾಹಾರ ಗೃಹಗಳಿಗೆ ಬಳಸಿತು. ಆ ಸಂಸ್ಥೆ ಆಹಾರ ಪದಾರ್ಥಗಳಿಗೂ ನೋಂದಣಿ ಕೋರಿದಾಗ ಮಹಾಮಂಡಳಿ ಆಕ್ಷೇಪಿಸಿತು. ಮೇಲ್ಮನವಿ ಮಂಡಳಿ ಮತ್ತು ಉಚ್ಚ ನ್ಯಾಯಾಲಯಗಳಲ್ಲಿ ಮಹಾಮಂಡಳಿಗೆ ಜಯವಾಯಿತು. ಆದರೆ 2018ರ ಜುಲೈ ತಿಂಗಳಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಬದಲಿಸಿತು. ನಂದಿನಿ ಎಂಬುದು ದೇವಿಯ ಮತ್ತು ಪುರಾಣದ ಹಸುವಿನ ಹೆಸರು, ಯಾರೊಬ್ಬರೂ ಹೊಸದಾಗಿ ಸೃಷ್ಟಿಸಿದ ಪದವಲ್ಲ; ಎರಡು ಸಂಸ್ಥೆಗಳ ಸರಕುಗಳು ಬೇರೆ; ಅವು ಒಂದೇ ವರ್ಗದಲ್ಲಿ ಬಂದ ಮಾತ್ರಕ್ಕೆ ಗ್ರಾಹಕರಿಗೆ ಗೊಂದಲವಾಗುತ್ತದೆಂದು ಹೇಳಲಾಗದು ಎಂದು ನ್ಯಾಯಾಲಯ ಅಭಿಪ್ರಾಯಪಟ್ಟಿತು. ನೋಂದಣಿಗೆ ಅವಕಾಶ ದೊರೆಯಿತು, ಆದರೆ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಹೊರತುಪಡಿಸಿ.

ಈ ತೀರ್ಪಿನ ತಿರುಳು ಸಣ್ಣ ಉದ್ಯಮಿಗಳಿಗೆ ಎರಡು ರೀತಿಯಲ್ಲಿ ಉಪಯುಕ್ತ. ಹೆಸರಿನ ಹಕ್ಕು ಸರಕಿನ ಗಡಿಯವರೆಗೆ ಮಾತ್ರ ಚಾಚುತ್ತದೆ ಎಂಬುದು ಒಂದು. ಆ ಗಡಿ ಎಲ್ಲಿದೆಯೆಂದು ತೀರ್ಮಾನವಾಗಲು ವರ್ಷಗಟ್ಟಲೆ ಕಾಲವೂ ವಕೀಲರ ವೆಚ್ಚವೂ ಹಿಡಿಯಬಹುದು ಎಂಬುದು ಇನ್ನೊಂದು. ದೊಡ್ಡ ಸಂಸ್ಥೆಗಳು ಸಹಿಸಬಲ್ಲ ಈ ಕಾಯುವಿಕೆಯನ್ನು ಸಣ್ಣ ತಯಾರಕರು ಸಹಿಸಲಾರರು.

ಗ್ರಾಹಕ ಯಾರು ಎಂಬುದೂ ಕಾನೂನಿನ ಪ್ರಶ್ನೆ

ಗ್ರಾಹಕರ ವಿಚಾರವು ಜಾಹೀರಾತಿನವರಿಗೆ ಮಾತ್ರ ಸೇರಿದ್ದು ಎಂದು ತಿಳಿಯಬಾರದು. ಎರಡು ಔಷಧ ತಯಾರಕರ ನಡುವಿನ ಕ್ಯಾಡಿಲಾ ಪ್ರಕರಣದಲ್ಲಿ 2001ರಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್, ಹೆಸರುಗಳ ಸಾಮ್ಯವನ್ನು ಅಳೆಯುವಾಗ ಕೊಳ್ಳುವವರು ಯಾವ ವರ್ಗದವರು, ಅವರ ವಿದ್ಯಾಭ್ಯಾಸವೆಷ್ಟು, ಕೊಳ್ಳುವಾಗ ಎಷ್ಟು ಎಚ್ಚರ ವಹಿಸುತ್ತಾರೆ ಎಂಬುದನ್ನೂ ನೋಡಬೇಕೆಂದು ಹೇಳಿತು. ಔಷಧದಲ್ಲಿ ಗೊಂದಲವು ಪ್ರಾಣಕ್ಕೇ ಅಪಾಯ ತರುವುದರಿಂದ ಅಲ್ಲಿ ಅಳತೆ ಇನ್ನಷ್ಟು ಬಿಗಿ. ಕಾರ್ಖಾನೆಗೆ ಯಂತ್ರ ಕೊಳ್ಳುವ ಎಂಜಿನಿಯರು ನಮೂನೆ, ದರಪಟ್ಟಿ, ತಯಾರಕರ ವಿಳಾಸ ಎಲ್ಲವನ್ನೂ ನೋಡುತ್ತಾನೆ. ಕಿರಾಣಿ ಅಂಗಡಿಯ ಎದುರು ನಿಂತವರು ಪೊಟ್ಟಣದ ಬಣ್ಣವನ್ನೂ ಹೆಸರಿನ ಉಚ್ಚಾರವನ್ನೂ ಅರೆಬರೆ ನೆನಪಿಟ್ಟುಕೊಂಡು ಕೇಳುತ್ತಾರೆ. ಮೊದಲನೆಯವನಿಗೆ ಬೇರೆಯೆನಿಸುವ ಎರಡು ಹೆಸರುಗಳು ಎರಡನೆಯವರಿಗೆ ಒಂದೇ ಎನಿಸಬಹುದು.

ಒಂದು ಕಲ್ಪಿತ ಉದಾಹರಣೆ

ಹುಬ್ಬಳ್ಳಿಯ ಇಬ್ಬರು ಪಾಲುದಾರರು ಹೊಸ ವ್ಯಾಪಾರಕ್ಕೆ ಹೆಸರು ಬೇಕೆನ್ನುತ್ತಾರೆ ಎಂದಿಟ್ಟುಕೊಳ್ಳೋಣ. ಇಷ್ಟರಿಂದ ಏನೂ ಮಾಡಲಾಗದು. ವಿವರ ಕೇಳಿದಾಗ ತಿಳಿಯುವುದಿಷ್ಟು: ಶೇಂಗಾ ಮತ್ತು ಅಗಸಿ ಚಟ್ನಿಪುಡಿಯನ್ನು 200 ಗ್ರಾಂ ಪೊಟ್ಟಣಗಳಲ್ಲಿ ಮಾರುವುದು, ಮುಂದಿನ ವರ್ಷ ಉಪ್ಪಿನಕಾಯಿಯನ್ನೂ ಸೇರಿಸುವುದು, ಹುಬ್ಬಳ್ಳಿ–ಧಾರವಾಡದ ಕಿರಾಣಿ ಅಂಗಡಿಗಳಿಗೂ, ಬೆಂಗಳೂರು ಮತ್ತು ಪುಣೆಯಲ್ಲಿ ನೆಲೆಸಿದ ಉತ್ತರ ಕರ್ನಾಟಕದ ಕುಟುಂಬಗಳಿಗೂ ಸರಕನ್ನು ಕಳುಹಿಸುವುದು.

ಈಗ ಸೂಚನೆಗಳನ್ನು ಒರೆಗೆ ಹಚ್ಚಬಹುದು. ‘ಶೇಂಗಾ ಸ್ವಾದ’ ಎಂಬುದು ಸರಕಿನ ವರ್ಣನೆಯಾದ್ದರಿಂದ ದುರ್ಬಲ. ಉಪ್ಪಿನಕಾಯಿ ಸೇರಿದಾಗಲಂತೂ ಅರ್ಥವೇ ತಪ್ಪುತ್ತದೆ. ‘ಬ್ಯಾಡಗಿ ಖಾರ’ ಎಂಬುದರಲ್ಲಿ ಬ್ಯಾಡಗಿ ಮೆಣಸಿನಕಾಯಿ ಭೌಗೋಳಿಕ ಸೂಚಕವಾಗಿ ನೋಂದಣಿಯಾಗಿರುವ ತೊಡಕಿದೆ. ಆ ಪದ ಒಬ್ಬರ ಸ್ವತ್ತಾಗಲಾರದು. ‘ಬುತ್ತಿ’ ಎಂಬುದು ಸರಕನ್ನು ಹೇಳದೆ ಪ್ರಯಾಣದ ಊಟವನ್ನು ನೆನಪಿಸುತ್ತದೆ. ಪರವೂರಿನಲ್ಲಿರುವ ಈ ಗ್ರಾಹಕರಿಗೆ ಅದರ ಅರ್ಥ ಕೂಡಲೇ ತಟ್ಟುತ್ತದೆ. ಇಂಗ್ಲಿಷ್ ಮತ್ತು ದೇವನಾಗರಿ ಲಿಪಿಗಳಲ್ಲಿ ಬರೆದರೂ ಉಚ್ಚಾರ ಕೆಡುವುದಿಲ್ಲ. ‘ಗೆಜ್ಜೆ’ಗೆ ಆಹಾರದೊಡನೆ ಸಂಬಂಧವೇ ಇಲ್ಲವಾದ್ದರಿಂದ ಕಾನೂನಿನ ದೃಷ್ಟಿಯಿಂದ ಇನ್ನೂ ಗಟ್ಟಿ, ಆದರೆ ಅದು ಆಹಾರದ ಹೆಸರೆಂದು ಗ್ರಾಹಕರಿಗೆ ಪರಿಚಯಿಸಲು ಹೆಚ್ಚು ಸಮಯ ಬೇಕು. ಇವೆಲ್ಲ ಉದಾಹರಣೆಗಾಗಿ ಮಾತ್ರ. ಬೇರೆಯವರು ಇವನ್ನು ಬಳಸುತ್ತಿಲ್ಲವೆಂದು ಅರ್ಥವಲ್ಲ.

ಮುಂದಿನ ಹಂತವೇ ಹುಡುಕಾಟ. ಚಟ್ನಿಪುಡಿ, ಮಸಾಲೆಗಳು 30ನೇ ವರ್ಗಕ್ಕೆ ಸೇರುತ್ತವೆ, ಉಪ್ಪಿನಕಾಯಿ 29ಕ್ಕೆ. ಎರಡರಲ್ಲಿಯೂ ಪದವನ್ನು ಮಾತ್ರವಲ್ಲದೆ ಉಚ್ಚಾರಸಾಮ್ಯವನ್ನೂ ಹುಡುಕಬೇಕು; ಅಂಗಡಿಯವರು ದೂರವಾಣಿಯಲ್ಲಿ ಬೇಡಿಕೆ ಹೇಳುವ ವ್ಯಾಪಾರದಲ್ಲಿ ಕಿವಿಗೆ ಬಿದ್ದದ್ದೇ ಹೆಸರು. ಇದರೊಡನೆ ಗುರಿಯಿಟ್ಟ ಊರುಗಳ ಅಂಗಡಿಗಳಲ್ಲಿಯೂ ವಿಚಾರಿಸಬೇಕು, ಏಕೆಂದರೆ ನೋಂದಾಯಿಸದೆ ಮೊದಲಿನಿಂದ ಬಳಸುತ್ತಿರುವವರಿಗೂ ಕಾಯಿದೆ ರಕ್ಷಣೆ ನೀಡುತ್ತದೆ.

ಅರ್ಜಿಯ ಶುಲ್ಕವು ಪ್ರತಿ ವರ್ಗಕ್ಕೂ ಪ್ರತ್ಯೇಕ. 2017ರ ನಿಯಮಗಳಂತೆ ಗಣಕದ ಮೂಲಕ ಸಲ್ಲಿಸುವ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ವರ್ಗವೊಂದಕ್ಕೆ 4,500 ರೂಪಾಯಿ, ಇತರರಿಗೆ 9,000. ಈ ಪಾಲುದಾರರು ಸಣ್ಣ ಉದ್ಯಮದ ದಾಖಲೆ ಒದಗಿಸಿದರೆ ಎರಡು ವರ್ಗಗಳಿಗೆ 9,000 ರೂಪಾಯಿ, ಇಲ್ಲವಾದರೆ 18,000. ಉಪ್ಪಿನಕಾಯಿಯ ವಿಚಾರವನ್ನು ಮೊದಲೇ ಹೇಳದಿದ್ದರೆ 30ನೇ ವರ್ಗವೊಂದಕ್ಕೆ ಅರ್ಜಿ ಹೋಗುತ್ತಿತ್ತು. ಸಲ್ಲಿಸಿದ ಅರ್ಜಿಗೆ ಹೊಸ ಸರಕನ್ನು ಆಮೇಲೆ ಸೇರಿಸಲು ಬರುವುದಿಲ್ಲ. ಹೊಸ ಅರ್ಜಿಯೇ ಬೇಕು, ಅಷ್ಟರಲ್ಲಿ ಬೇರೆಯವರು ಮುಂದಾಗಿರಬಹುದು. ಹಾಗೆಂದು ಎಲ್ಲ ವರ್ಗಗಳಿಗೂ ಅರ್ಜಿ ಹಾಕುವುದು ಪರಿಹಾರವಲ್ಲ. ನೋಂದಣಿಯಾದ ಮೇಲೆ ಐದು ವರ್ಷಕ್ಕೂ ಮೀರಿ ಬಳಸದ ಹೆಸರನ್ನು ಬಾಧಿತರ ಕೋರಿಕೆಯಂತೆ ದಾಖಲೆಯಿಂದ ತೆಗೆದುಹಾಕಬಹುದು.

ಕಂಪನಿಯ ಹೆಸರಿನ ಭ್ರಮೆ

ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಹೆಸರು ಕಾಯ್ದಿರಿಸುವ ‘SPICe+’ ಅರ್ಜಿಯಲ್ಲಿಯೂ ಉದ್ದೇಶಿತ ಚಟುವಟಿಕೆಯನ್ನು ತಿಳಿಸಬೇಕು. ಹೆಸರಿನಲ್ಲಿ ವ್ಯವಹಾರದ ಸೂಚನೆಯಿದ್ದರೆ ಅದು ಕಂಪನಿಯ ಉದ್ದೇಶಗಳಿಗೆ ಹೊಂದಬೇಕು. ‘ಟೆಕ್ಸ್‌ಟೈಲ್ಸ್’ ಎಂದು ಹೆಸರಿಟ್ಟು ಮಸಾಲೆಯ ಉದ್ದೇಶ ಬರೆದರೆ ತಿರಸ್ಕಾರ ಖಚಿತ. ಹೆಸರಿಗೆ ಮಂಜೂರಾತಿ ದೊರೆತ ಮಾತ್ರಕ್ಕೆ ಟ್ರೇಡ್ ಮಾರ್ಕಿನ ಹಕ್ಕು ಬಂದಂತಲ್ಲ. 2013ರ ಕಂಪನಿಗಳ ಕಾಯಿದೆಯ 16ನೇ ಕಲಮಿನಂತೆ, ನೋಂದಾಯಿತ ಟ್ರೇಡ್ ಮಾರ್ಕಿನ ಮಾಲೀಕರು ಮೂರು ವರ್ಷದೊಳಗೆ ದೂರಿತ್ತರೆ ಕಂಪನಿಯು ಹೆಸರನ್ನು ಬದಲಿಸಬೇಕಾಗಬಹುದು. ಜಿಎಸ್‌ಟಿ ನೋಂದಣಿಯಲ್ಲಿ ಬರೆದ ವ್ಯಾಪಾರನಾಮವೂ ತೆರಿಗೆಯ ಗುರುತೇ ಹೊರತು ಒಡೆತನದ ಪತ್ರವಲ್ಲ. ಆ ಹೊತ್ತಿಗೆ ಪೊಟ್ಟಣ, ಫಲಕ, ಬಿಲ್ ಪುಸ್ತಕ, ಬ್ಯಾಂಕ್ ಖಾತೆ, ಆಹಾರ ಪರವಾನಗಿ ಎಲ್ಲವೂ ಹಳೆಯ ಹೆಸರಿನಲ್ಲಿ ಇರುತ್ತವೆ.

ಹೆಸರು ಕೇಳುವ ಮುನ್ನ ಈ ನಾಲ್ಕು ವಿವರಗಳನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಒಳಿತು:

1. ಈಗ ಮಾರುವ ಸರಕು ಅಥವಾ ಸೇವೆ, ಮತ್ತು ಮುಂದಿನ ಮೂರು ವರ್ಷಗಳಲ್ಲಿ ಸೇರಲಿರುವುದು.
2. ಕೊಳ್ಳುವವರು: ಗೃಹಬಳಕೆಯವರೇ, ಸಗಟು ವರ್ತಕರೇ, ಕಾರ್ಖಾನೆಗಳೇ, ನೋಡಿ ಕೊಳ್ಳುವರೇ, ಹೆಸರು ಹೇಳಿ ಕೇಳುವರೇ.
3. ಮಾರಾಟದ ಊರುಗಳು ಮತ್ತು ಹೆಸರು ಓದಲ್ಪಡುವ ಭಾಷೆ, ಲಿಪಿ.
4. ಹೆಸರಿನ ಒಡೆತನ: ಮಾಲೀಕನದೇ, ಪಾಲುದಾರಿಕೆಯದೇ, ಕಂಪನಿಯದೇ.

ಹೆಸರು ನಿಶ್ಚಯವಾದ ಮೇಲೆ ಮೊದಲ ಮಾರಾಟದ ಬಿಲ್ಲು, ಮೊದಲ ಮುದ್ರಣದ ಪೊಟ್ಟಣ, ಜಾಹೀರಾತಿನ ರಸೀದಿ ಇವುಗಳನ್ನು ದಿನಾಂಕ ಸಹಿತ ಒಂದು ಕಡತದಲ್ಲಿ ಪ್ರತ್ಯೇಕವಾಗಿ ಇಡಬೇಕು. ಅರ್ಜಿಯು ಟ್ರೇಡ್ ಮಾರ್ಕ್ಸ್ ಜರ್ನಲಿನಲ್ಲಿ ಪ್ರಕಟವಾದ ನಂತರ ನಾಲ್ಕು ತಿಂಗಳವರೆಗೆ ಯಾರೂ ಆಕ್ಷೇಪಿಸಬಹುದು. ಆಗ ಆ ಹೆಸರು ಯಾವ ಸರಕಿನ ಮೇಲೆ, ಯಾವ ದಿನದಿಂದ, ಯಾರಿಗೆ ಮಾರಿದ್ದು ಎಂದು ಸಾಬೀತುಪಡಿಸುವುದು ಆ ಕಡತವೇ.